ನೆಗಡಿ ಬಂದ ಬಸುರಿಗೆ ಯಾವ ಮಾತ್ರೆ?

ಮಳೆಗಾಲದ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಯಾವುದೇ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ‘ನೆಗಡಿಗೆ ಎರಡು ದಿನಕ್ಕೆ ಗುಳಿಗೆ ಕೊಡಿ’ ಎನ್ನುವವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಅಂಗಡಿಯವನು ತಲೆ ಎತ್ತಿಯೂ ನೋಡುವುದಿಲ್ಲ, ಕೈ ತಾನಾಗಿ ನಾಲ್ಕು ಡಬ್ಬಿಗಳತ್ತ ಹೋಗುತ್ತದೆ. ಒಂದು ನೆಗಡಿ ಮಾತ್ರೆ, ಒಂದು ಮೈಕೈ ನೋವಿನದು, ಒಂದು ಆ್ಯಂಟಿಬಯಾಟಿಕ್, ಜೊತೆಗೊಂದು ಕೆಮ್ಮಿನ ಸಿರಪ್. ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ, ಮಾತ್ರೆಗಳನ್ನು ಸಣ್ಣ ಕಾಗದದ ಕವರಿಗೆ ಹಾಕಿ, ಮೇಲೆ ‘1-1-1’ ಎಂದು ಗೀಚಿ ಕೊಟ್ಟರೆ ವ್ಯಾಪಾರ ಮುಗಿಯಿತು. ಕೊಂಡೊಯ್ಯಲು ಬಂದವನು ಗಂಡ. ನುಂಗಬೇಕಾದವಳು ಮನೆಯಲ್ಲಿರುವ ಆರು ತಿಂಗಳ ಬಸುರಿ. ಅಂಗಡಿಯವನು ಅದನ್ನು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಇಲ್ಲಿರುವುದು ಒಬ್ಬ ನಿರ್ದಿಷ್ಟ ಹೆಂಗಸಿನ ಕಥೆಯಲ್ಲ. ಆದರೆ ಆ ಕವರಿನೊಳಗೆ ಬೀಳುವ ಮಾತ್ರೆಗಳು ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಹೆಚ್ಚುಕಡಿಮೆ ಇವೇ. ಆದ್ದರಿಂದ ಆ ಕವರನ್ನೇ ಬಿಚ್ಚಿ, ಒಂದೊಂದನ್ನಾಗಿ ಕೈಯಲ್ಲಿ ಹಿಡಿದು ನೋಡುವುದು ಉಪಯುಕ್ತ.

ಅದಕ್ಕೆ ಮೊದಲು ಕಾಯಿಲೆಯ ಬಗ್ಗೆ ಒಂದು ಮಾತು. ನೆಗಡಿ ವೈರಸ್‌ನಿಂದ ಬರುತ್ತದೆ, ಹೆಚ್ಚಿನ ಸಲ ರೈನೋವೈರಸ್ ಎಂಬ ಗುಂಪಿನಿಂದ. ಎರಡು ಮೂರನೆಯ ದಿನ ಅದರ ಕಾಟ ಜೋರು. ಏಳರಿಂದ ಹತ್ತು ದಿನದೊಳಗೆ ಇಳಿಯುತ್ತದೆ, ಕೆಮ್ಮು ಮಾತ್ರ ಇನ್ನೊಂದೆರಡು ವಾರ ಎಳೆಯಬಹುದು. ಈ ಅವಧಿಯನ್ನು ಗಣನೀಯವಾಗಿ ಕಡಿಮೆ ಮಾಡುವ ಮಾತ್ರೆ ಜಗತ್ತಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಮೂಗು, ಗಂಟಲು, ತಲೆಗೆ ತುಸು ಆರಾಮ ಕೊಡುವ ಔಷಧಿಗಳು. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿ ಅದನ್ನು ಬಿಟ್ಟರೆ ಅವಳಿಗೂ ಮಗುವಿಗೂ ಅಪಾಯ. ನೆಗಡಿ ಮಾತ್ರೆಯ ಲೆಕ್ಕ ಹಾಗಲ್ಲ, ಬಿಟ್ಟರೆ ಹೆಚ್ಚೆಂದರೆ ಎರಡು ರಾತ್ರಿ ನಿದ್ದೆ ಕೆಡುತ್ತದೆ. ಆದ್ದರಿಂದಲೇ ಇಲ್ಲಿ ಒಂದೊಂದು ಔಷಧಿಯನ್ನೂ ‘ನಿನ್ನಿಂದ ಏನು ಪ್ರಯೋಜನ’ ಎಂದು ನಿಲ್ಲಿಸಿ ಕೇಳಬೇಕಾಗುತ್ತದೆ.

ಮೊದಲು ನೆಗಡಿ ಮಾತ್ರೆ. ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದರ ಜಾತಕವಿರುತ್ತದೆ. ಸಾಮಾನ್ಯವಾಗಿ ಕಾಣುವುದು ಹೀಗೆ: ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಫಿನೈಲ್‌ಎಫ್ರಿನ್ 10 ಮಿ.ಗ್ರಾಂ, ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ. ಕೆಲವದರಲ್ಲಿ ಕ್ಲೋರ್‌ಫೆನಿರಮಿನ್ ಬದಲು ಸೆಟಿರಿಜಿನ್, ಇನ್ನು ಕೆಲವದರಲ್ಲಿ 30 ಮಿ.ಗ್ರಾಂ ಕೆಫೀನ್. ಅಂದರೆ ಒಂದು ಮಾತ್ರೆ ನುಂಗಿದವಳು ಒಟ್ಟಿಗೆ ಮೂರು ನಾಲ್ಕು ಔಷಧಿ ನುಂಗಿರುತ್ತಾಳೆ. ಅವಳಿಗೆ ಜ್ವರವೇ ಇಲ್ಲದಿದ್ದರೂ ಜ್ವರದ ಮದ್ದು ಒಳಗೆ ಹೋಗಿರುತ್ತದೆ.

ಇವುಗಳಲ್ಲಿ ಫಿನೈಲ್‌ಎಫ್ರಿನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಟ್ಟಿದ ಮೂಗು ಬಿಡಿಸುವುದು ಅದರ ಕೆಲಸ. ಮೂಗಿನೊಳಗಿನ ರಕ್ತನಾಳಗಳು ಊದಿಕೊಂಡಾಗ ಮೂಗು ಕಟ್ಟುತ್ತದೆ, ಅವನ್ನು ಕುಗ್ಗಿಸಿದರೆ ಉಸಿರಾಟ ಸರಾಗ. ತೊಂದರೆಯೆಂದರೆ ಬಾಯಿಂದ ನುಂಗಿದ ಫಿನೈಲ್‌ಎಫ್ರಿನ್‌ನ ಬಹುಪಾಲು ಕರುಳಿನ ಗೋಡೆ ದಾಟುವಾಗಲೇ ಒಡೆದುಹೋಗುತ್ತದೆ. ಮೂಗಿಗೆ ತಲುಪುವುದು ಅಷ್ಟಕ್ಕಷ್ಟೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ, ಮಾತ್ರೆಯ ರೂಪದಲ್ಲಿ ಈ ಪ್ರಮಾಣದ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದಿಲ್ಲವೆಂದು ಒಮ್ಮತದಿಂದ ತೀರ್ಮಾನಿಸಿತು. ಮರುವರ್ಷ ನವೆಂಬರ್‌ನಲ್ಲಿ ಎಫ್‌ಡಿಎ, ಚೀಟಿ ಇಲ್ಲದೆ ಮಾರುವ ಮಾತ್ರೆಗಳಿಂದ ಅದನ್ನು ಕೈಬಿಡುವ ಪ್ರಸ್ತಾಪ ಮುಂದಿಟ್ಟಿತು. ನಮ್ಮಲ್ಲಿ ಅದೇ ಔಷಧಿ ಹತ್ತಾರು ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದೆ.

ಉಪಯೋಗವಿಲ್ಲದಿದ್ದರೆ ಅಪಾಯವೂ ಇಲ್ಲ ಎಂದುಕೊಳ್ಳುವಂತಿಲ್ಲ. ರಕ್ತನಾಳ ಕುಗ್ಗಿಸುವ ಔಷಧಿಗೆ ಮೂಗು ಯಾವುದು, ಗರ್ಭಕೋಶ ಯಾವುದು ಎಂಬ ಭೇದ ತಿಳಿಯದು. ಮಗುವಿಗೆ ರಕ್ತ ಹರಿಯುವುದು ಗರ್ಭಕೋಶದ ನಾಳಗಳ ಮೂಲಕ. ಅದೂ ಅಲ್ಲದೆ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವುದು ಅಪರೂಪವೇನಲ್ಲ, ಅಂಥವರಿಗೆ ಈ ಗುಂಪಿನ ಔಷಧಿ ಖಂಡಿತ ಬೇಡ. ಇದರ ಅಣ್ಣನಂತಿರುವ ಸ್ಯೂಡೋಎಫೆಡ್ರಿನ್ ಮೂಗನ್ನು ನಿಜವಾಗಿ ಬಿಡಿಸುತ್ತದೆ. ಆದರೆ ಮೊದಲ ಮೂರು ತಿಂಗಳಲ್ಲಿ ಅದನ್ನು ತೆಗೆದುಕೊಂಡವರ ಮಕ್ಕಳಲ್ಲಿ, ಹೊಟ್ಟೆಯ ಗೋಡೆ ಪೂರ್ತಿ ಕೂಡಿಕೊಳ್ಳದೆ ಕರುಳು ಹೊರಗುಳಿಯುವ ಅಪರೂಪದ ದೋಷ ತುಸು ಹೆಚ್ಚಾಗಿ ಕಂಡಿದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಅಪಾಯದ ಪ್ರಮಾಣ ಸಣ್ಣದು, ಸಂಬಂಧ ಪೂರ್ತಿ ಸಾಬೀತಾಗಿಯೂ ಇಲ್ಲ. ಆದರೂ ಆ ಮೂರು ತಿಂಗಳು ಅದನ್ನು ಬಿಡುವಂತೆಯೇ ವೈದ್ಯರು ಹೇಳುತ್ತಾರೆ.

ಕ್ಲೋರ್‌ಫೆನಿರಮಿನ್ ಅಷ್ಟು ದೂರ ಇಡಬೇಕಾದದ್ದಲ್ಲ. ದಶಕಗಳಿಂದ ಗರ್ಭಿಣಿಯರು ಬಳಸಿದ ಔಷಧಿ ಅದು. ಸೆಟಿರಿಜಿನ್, ಲೊರಾಟಡಿನ್ ಬಗ್ಗೆಯೂ ಸಮಾಧಾನಕರ ಅನುಭವವೇ ಇದೆ. ಆದರೆ ಇವೆಲ್ಲ ಅಲರ್ಜಿಯ ಔಷಧಿಗಳು. ಧೂಳಿಗೆ, ಹೂವಿನ ಪರಾಗಕ್ಕೆ ಸೀನುವವರಿಗೆ ಚೆನ್ನಾಗಿ ಹಿಡಿಯುತ್ತವೆ. ವೈರಸ್ ನೆಗಡಿಗೆ ಅವುಗಳ ಕೊಡುಗೆ ಸ್ವಲ್ಪ ಮೂಗು ಒಣಗಿಸುವುದು, ಸ್ವಲ್ಪ ತೂಕಡಿಕೆ ತರಿಸುವುದು, ಅಷ್ಟೆ. ರಾತ್ರಿ ಮೂಗು ಸೋರಿ ನಿದ್ದೆಯೇ ಇಲ್ಲವೆಂದಾದರೆ ವೈದ್ಯರನ್ನು ಕೇಳಿ, ಬೇರೇನೂ ಬೆರೆಸದ ಒಂದು ಅಲರ್ಜಿ ಮಾತ್ರೆಯನ್ನು ಮಲಗುವಾಗ ತೆಗೆದುಕೊಳ್ಳಬಹುದು.

ಕವರಿನಲ್ಲಿರುವ ಎರಡನೆಯ ಮಾತ್ರೆ ಮೈಕೈ ನೋವಿನದು. ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನಿಮೆಸುಲೈಡ್, ಮೆಫೆನಾಮಿಕ್ ಆ್ಯಸಿಡ್ ಎಲ್ಲ ಒಂದೇ ಮನೆತನದವು. ಭಾರತದಲ್ಲಿ ಇವನ್ನು ಹೆಚ್ಚಾಗಿ ಪ್ಯಾರಾಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುತ್ತಾರೆ. ಹಾಗಾಗಿ ‘ಇದು ಜ್ವರದ ಮಾತ್ರೆ ತಾನೆ’ ಎಂದು ನಂಬಿ ನುಂಗುವವರೇ ಬಹಳ. ದೇಹದಲ್ಲಿ ನೋವು ಮತ್ತು ಊತ ಉಂಟುಮಾಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ಈ ಔಷಧಿಗಳು ತಡೆಯುತ್ತವೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಅದೇ ವಸ್ತು ಎರಡು ಮುಖ್ಯ ಕೆಲಸಗಳಿಗೆ ಬೇಕು.

ಮೊದಲ ಕೆಲಸ ಮೂತ್ರಪಿಂಡದ್ದು. ಸುಮಾರು 20 ವಾರಗಳ ನಂತರ, ಅಂದರೆ ಐದನೆಯ ತಿಂಗಳ ಹೊತ್ತಿಗೆ, ಮಗುವಿನ ಸುತ್ತಲ ನೀರಿನ ಬಹುಪಾಲು ಮಗುವಿನ ಮೂತ್ರದಿಂದಲೇ ಬರುತ್ತದೆ. ನೋವಿನ ಮಾತ್ರೆಯಿಂದ ಮಗುವಿನ ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದರೆ ಮೂತ್ರ ಕಡಿಮೆಯಾಗುತ್ತದೆ, ಅದರ ಹಿಂದೆಯೇ ನೀರೂ ಇಳಿಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ‘ನೀರು ಕಡಿಮೆ ಇದೆ’ ಎಂದು ಬರೆದು ಕೊಡುವುದು ಇದನ್ನೇ. ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳ ಬಳಕೆಯಿಂದ ಹೀಗಾಗುತ್ತದೆ, ಅಪರೂಪಕ್ಕೆ ಎರಡೇ ದಿನದಲ್ಲಿ ಆದದ್ದೂ ಇದೆ. ಮಾತ್ರೆ ನಿಲ್ಲಿಸಿದರೆ ನೀರು ಮತ್ತೆ ಏರುವುದೇ ಹೆಚ್ಚು. 2020ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇದೇ ಕಾರಣಕ್ಕೆ, 20 ವಾರಗಳ ನಂತರ ಈ ಮಾತ್ರೆಗಳನ್ನು ಬಿಡಬೇಕೆಂದು ಎಚ್ಚರಿಕೆ ನೀಡಿತು.

ಎರಡನೆಯ ಕೆಲಸ ಹೃದಯದ ಹತ್ತಿರದ್ದು. ಹೊಟ್ಟೆಯೊಳಗೆ ಮಗು ಉಸಿರಾಡುವುದಿಲ್ಲ. ಆದ್ದರಿಂದ ರಕ್ತ ಶ್ವಾಸಕೋಶವನ್ನು ಬಳಸಿಹೋಗಲು ಒಂದು ಅಡ್ಡನಾಳವಿರುತ್ತದೆ, ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹುಟ್ಟುವ ತನಕ ಅದನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್. ಏಳು ತಿಂಗಳ ಆಸುಪಾಸಿನಲ್ಲಿ, ಅಂದರೆ 30 ವಾರಗಳ ನಂತರ, ತಾಯಿ ನೋವಿನ ಮಾತ್ರೆ ತೆಗೆದುಕೊಂಡರೆ ಆ ನಾಳ ಹೊತ್ತಿಗೆ ಮುಂಚೆಯೇ ಮುಚ್ಚುವ ಅಪಾಯವಿದೆ. ಮೊದಲ ತಿಂಗಳುಗಳಲ್ಲಿಯೂ ಈ ಮಾತ್ರೆಗಳು ಒಳ್ಳೆಯವೇನಲ್ಲ, ಗರ್ಭಪಾತದ ಸಾಧ್ಯತೆಯನ್ನು ಇವು ಹೆಚ್ಚಿಸಬಹುದೆಂಬ ಅನುಮಾನವಿದೆ. ಒಟ್ಟಿನಲ್ಲಿ ನೆಗಡಿಯಂಥ ಕಾಯಿಲೆಗೆ ಇವನ್ನು ಬಸುರಿಗೆ ಕೊಡಲು ಯಾವ ಸಮರ್ಥನೆಯೂ ಇಲ್ಲ.

ಇಲ್ಲೊಂದು ವಿನಾಯಿತಿ ಹೇಳದಿದ್ದರೆ ಕೆಲವರಿಗೆ ತೊಂದರೆಯಾದೀತು. ಆಸ್ಪಿರಿನ್ ಕೂಡ ಇದೇ ಮನೆತನದ್ದು. ಆದರೆ ಬಿ.ಪಿ. ಏರುವ ಸಂಭವವಿರುವ ಗರ್ಭಿಣಿಯರಿಗೆ ವೈದ್ಯರೇ ದಿನಕ್ಕೆ 75ರಿಂದ 150 ಮಿ.ಗ್ರಾಂ ಆಸ್ಪಿರಿನ್ ಬರೆದುಕೊಡುತ್ತಾರೆ. ಆ ಸಣ್ಣ ಪ್ರಮಾಣದ ಲೆಕ್ಕವೇ ಬೇರೆ. ಈ ಲೇಖನ ಓದಿ ಯಾರೂ ಅದನ್ನು ನಿಲ್ಲಿಸಬಾರದು.

ಮೂರನೆಯದು ಆ್ಯಂಟಿಬಯಾಟಿಕ್. ವೈರಸ್‌ಗೆ ಅದು ನಾಟುವುದೇ ಇಲ್ಲ. ನಾಲ್ಕನೆಯ ದಿನ ಸಿಂಬಳ ಹಳದಿ, ಹಸಿರು ಆದಾಗ ‘ಇನ್‌ಫೆಕ್ಷನ್ ಆಗಿದೆ’ ಎಂದು ಕೊಡುವುದು ರೂಢಿ, ಆದರೆ ಬಣ್ಣ ಬದಲಾಗುವುದು ನೆಗಡಿಯ ಸಹಜ ನಡೆ. ಅಂಗಡಿಗಳಲ್ಲಿ ಹೆಚ್ಚಾಗಿ ಕೈಗೆ ಬರುವ ಅಜಿತ್ರೊಮೈಸಿನ್ ಗರ್ಭಿಣಿಯರಿಗೆ ಅಷ್ಟೇನೂ ಅಪಾಯಕಾರಿಯಲ್ಲ, ಬರೀ ನಿರುಪಯುಕ್ತ. ಡಾಕ್ಸಿಸೈಕ್ಲಿನ್ ಬಂದರೆ ಮಾತ್ರ ವಿಷಯ ಬೇರೆ. ಅದು ಟೆಟ್ರಾಸೈಕ್ಲಿನ್ ಗುಂಪಿನದು, ಮಗುವಿನ ಬೆಳೆಯುವ ಹಲ್ಲು ಮತ್ತು ಮೂಳೆಯಲ್ಲಿ ಸೇರಿಕೊಂಡು ಹಲ್ಲಿಗೆ ಕಾಯಂ ಕಲೆ ಬರಿಸಬಲ್ಲದು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್‌ಗಳನ್ನೂ ವೈದ್ಯರು ಬೇರೆ ದಾರಿ ಇಲ್ಲದಿದ್ದರಷ್ಟೇ ಬಳಸುತ್ತಾರೆ. ಇವುಗಳ ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ ಎಂಬುದೇ ಅದರ ಅರ್ಥ.

ಇನ್ನು ಸಿರಪ್. ಕೆಮ್ಮಿನ ಸಿರಪ್ ಎಂದರೆ ಅರ್ಧ ಔಷಧಿ, ಅರ್ಧ ಮನೆಯ ಪಾನಕ ಎಂಬಷ್ಟು ಸಲಿಗೆ ನಮ್ಮಲ್ಲಿದೆ. ಮುಚ್ಚಳದಲ್ಲಿ ಅಳೆಯದೆ ಬಾಟಲಿಯನ್ನೇ ಬಾಯಿಗೆತ್ತುವವರೂ ಇದ್ದಾರೆ. ಕಫದ ಕೆಮ್ಮಿಗೆಂದು ಮಾರುವ ಅನೇಕ ಸಿರಪ್‌ಗಳಲ್ಲಿ ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ಜೊತೆ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಇರುತ್ತದೆ. ಕೊನೆಯವೆರಡೂ ಉಸಿರುನಾಳ ಹಿಗ್ಗಿಸುವ ಉಬ್ಬಸದ ಔಷಧಿಗಳು. ಉಬ್ಬಸವಿಲ್ಲದ ನೆಗಡಿ ಕೆಮ್ಮಿಗೆ ಅವುಗಳಿಂದ ಲಾಭವಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟುವುದು, ಕೈ ನಡುಗುವುದು ಅವುಗಳಿಂದಲೇ. ರಕ್ತದ ಸಕ್ಕರೆಯನ್ನೂ ಅವು ಏರಿಸುತ್ತವೆ. ಹಿಂದೆ ಅವಧಿಗೆ ಮುಂಚಿನ ಹೆರಿಗೆ ತಡೆಯಲು ಟರ್ಬುಟಲಿನ್ ಕೊಡುವ ರೂಢಿಯಿತ್ತು. ತಾಯಂದಿರಲ್ಲಿ ಗಂಭೀರ ಹೃದಯ ತೊಂದರೆ ಮತ್ತು ಸಾವುಗಳು ಕಂಡುಬಂದ ಮೇಲೆ, 2011ರಲ್ಲಿ ಎಫ್‌ಡಿಎ ಆ ಉದ್ದೇಶಕ್ಕೆ ಟರ್ಬುಟಲಿನ್ ಮಾತ್ರೆ ಬಳಸಲೇಬಾರದೆಂದು ಹೇಳಿತು. ಸಿರಪ್‌ನಲ್ಲಿರುವ ಪ್ರಮಾಣ ಅದಕ್ಕಿಂತ ಕಡಿಮೆ ನಿಜ, ಆದರೆ ಅದನ್ನು ಕುಡಿಯಲು ಕಾರಣವೇ ಇಲ್ಲವಲ್ಲ. ನಿಜವಾದ ಉಬ್ಬಸವಿರುವವರು ಮಾತ್ರ ವೈದ್ಯರು ಕೊಟ್ಟ ಇನ್‌ಹೇಲರನ್ನು ಯಾವ ಕಾರಣಕ್ಕೂ ಬಿಡಬಾರದು. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕದ ಕೊರತೆಯಾಗುತ್ತದೆ.

ಒಣಕೆಮ್ಮಿಗೆ ಕೊಡೀನ್ ಇರುವ ಸಿರಪ್ ಬೇಡ. ಹೆರಿಗೆ ಹತ್ತಿರವಿರುವಾಗ ಪದೇ ಪದೇ ಕುಡಿದರೆ ಹುಟ್ಟಿದ ಮಗುವಿನಲ್ಲಿ ಅಮಲಿನ ಔಷಧಿ ತಪ್ಪಿದ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಪೊಟ್ಯಾಸಿಯಂ ಅಯೊಡೈಡ್ ಇರುವ ಸಿರಪ್ ಮಗುವಿನ ಥೈರಾಯ್ಡ್ ಕೆಡಿಸಬಲ್ಲದು. ರಾತ್ರಿಯಿಡೀ ಒಣಕೆಮ್ಮು ಕಾಡಿದರೆ ವೈದ್ಯರು ಸಾಮಾನ್ಯವಾಗಿ ಒಪ್ಪುವುದು ಡೆಕ್ಸ್‌ಟ್ರೊಮೆಥಾರ್ಫನ್ ಒಂದೇ ಇರುವ, ಆಲ್ಕೋಹಾಲ್ ಬೆರೆಸದ ಸಿರಪ್ ಅನ್ನು.

ಕವರು ಖಾಲಿಯಾಯಿತು. ಆದರೆ ಮನೆಯಲ್ಲಿ ಇನ್ನೊಂದು ಮಾತ್ರೆ ಇದ್ದೇ ಇದೆ. ಕೋವಿಡ್ ಕಾಲದಿಂದ ಪ್ರತಿ ಮನೆಯ ಡಬ್ಬಿಯಲ್ಲಿ ಬೀಡುಬಿಟ್ಟಿರುವ 650 ಮಿ.ಗ್ರಾಂ ಪ್ಯಾರಾಸಿಟಮಾಲ್. ‘ಮೈ ಬಿಸಿ ಇದೆಯಲ್ಲ, ಇದನ್ನೂ ಹಾಕಿಕೊ’ ಎಂದು ಅತ್ತೆ ಅದನ್ನು ಕೊಟ್ಟರೆನ್ನಿ. ಈಗ ಲೆಕ್ಕ ಹಾಕಬೇಕು. ನೆಗಡಿ ಮಾತ್ರೆಯಲ್ಲಿ 500, ನೋವಿನ ಮಾತ್ರೆಯಲ್ಲಿ 325, ಇದರಲ್ಲಿ 650. ಒಟ್ಟು 1,475 ಮಿ.ಗ್ರಾಂ ಒಂದೇ ಹೊತ್ತಿಗೆ. ಕವರಿನ ಮೇಲೆ ಬರೆದಂತೆ ದಿನಕ್ಕೆ ಮೂರು ಸಲವಾದರೆ 4,425. ವಯಸ್ಕರಿಗೆ ದಿನವೊಂದಕ್ಕೆ ಪ್ಯಾರಾಸಿಟಮಾಲ್‌ನ ಮೇಲ್ಮಿತಿ 4,000 ಮಿ.ಗ್ರಾಂ. ತೂಕ 50 ಕಿಲೋಗಿಂತ ಕಡಿಮೆ ಇರುವವರಿಗೆ, ಊಟ ಸೇರದೆ ಸೊರಗಿದವರಿಗೆ, ಪಿತ್ತಜನಕಾಂಗದ ತೊಂದರೆ ಇರುವವರಿಗೆ ಮಿತಿ ಇನ್ನೂ ಕೆಳಗೆ. ಮಿತಿ ಮೀರಿದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ, ಅದೂ ಮೊದಲ ದಿನ ಯಾವ ಸೂಚನೆಯನ್ನೂ ಸರಿಯಾಗಿ ಕೊಡದೆ. ಮೂರು ಬೇರೆ ಬೇರೆ ಹೆಸರು, ಮೂರು ಬಣ್ಣ, ಒಳಗೆ ಒಂದೇ ಔಷಧಿ ಎಂಬುದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕತ್ತರಿಸಿದ ಸ್ಟ್ರಿಪ್‌ನ ತುಂಡಿನಲ್ಲಿ ಬಹಳ ಸಲ ಹೆಸರೂ ಇರುವುದಿಲ್ಲ, ಅಂಶಗಳ ವಿವರವೂ ಇರುವುದಿಲ್ಲ. ಅದಕ್ಕೇ ವಿವರ ಮುದ್ರಿಸಿರುವ ಭಾಗವನ್ನೇ ಕೇಳಿ ಪಡೆಯಬೇಕು, ಇಲ್ಲವೇ ಬಿಲ್ ಹಾಕಿಸಿಕೊಳ್ಳಬೇಕು. ಒಂದು ಹೆಸರಿನ ಮಾತ್ರೆಯ ಅಂಶಗಳು ಕಾಲಕಾಲಕ್ಕೆ ಬದಲಾಗುವುದೂ ಉಂಟು. ಹಿಂದಿನ ಬಸಿರಿನಲ್ಲಿ ತೆಗೆದುಕೊಂಡಿದ್ದೆ ಎಂಬುದು ಈ ಸಲಕ್ಕೆ ಆಧಾರವಾಗದು.

ಹೀಗೆಂದು ಪ್ಯಾರಾಸಿಟಮಾಲ್ ಕೆಟ್ಟದ್ದಲ್ಲ. ಇಡೀ ಗುಂಪಿನಲ್ಲಿ ಬಸುರಿ ನಂಬಬಹುದಾದ ಜ್ವರ, ನೋವಿನ ಮಾತ್ರೆ ಅದೊಂದೇ. ಅದಕ್ಕೂ ಇತ್ತೀಚೆಗೆ ಅಪವಾದ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಗರ್ಭಿಣಿಯರು ಅದನ್ನು ತೆಗೆದುಕೊಂಡರೆ ಮಕ್ಕಳಿಗೆ ಆಟಿಸಂ ಬರಬಹುದೆಂದು ಬಹಿರಂಗವಾಗಿ ಹೇಳಿದರು. ಅದರ ವಿಡಿಯೊ ತುಣುಕುಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದವು. ವಿಶ್ವ ಆರೋಗ್ಯ ಸಂಸ್ಥೆ ಆ ವಾರವೇ, ಅಂಥ ಸಂಬಂಧಕ್ಕೆ ನಿರ್ಣಾಯಕ ಪುರಾವೆ ಇಲ್ಲವೆಂದು ಸ್ಪಷ್ಟಪಡಿಸಿತು. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳ ಮಾಹಿತಿ ಇಟ್ಟುಕೊಂಡು ನಡೆಸಿ, 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯಬೇಕಾದದ್ದು. ಒಡಹುಟ್ಟಿದವರನ್ನು, ಅಂದರೆ ಒಂದು ಬಸಿರಿನಲ್ಲಿ ತಾಯಿ ಮಾತ್ರೆ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದ ಮಕ್ಕಳನ್ನು ಹೋಲಿಸಿ ನೋಡಿದಾಗ, ಆಟಿಸಂ ಸಾಧ್ಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಕಡೆ, ಜ್ವರವನ್ನು ಹಾಗೇ ಬಿಡುವುದರಲ್ಲಿ ಅಪಾಯವಿದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ. ಮೊದಲ ಎರಡು ತಿಂಗಳೊಳಗೆ, ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ಹೊತ್ತಿನಲ್ಲಿ ತಾಯಿಗೆ ಜೋರು ಜ್ವರ ಬಂದರೆ ಬೆನ್ನುಹುರಿಯ ದೋಷಗಳ ಸಂಭವ ಹೆಚ್ಚುತ್ತದೆ. ಆದ್ದರಿಂದ ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಬೇರೇನೂ ಸೇರದ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಒಂದು ತೆಗೆದುಕೊಳ್ಳುವುದು ಸರಿಯಾದ ಕ್ರಮ. ಮತ್ತೆ ಬೇಕೆನಿಸಿದರೆ ಆರು ಗಂಟೆ ಬಿಟ್ಟು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಜ್ವರವಾಗಲಿ ನೋವಾಗಲಿ ಇಲ್ಲದಿದ್ದರೆ ಅದೂ ಬೇಡ.

ಈಗ ಮೂಗಿನ ಪಾಡು. ಬಸುರಿಯ ಮೂಗು ನೆಗಡಿ ಇಲ್ಲದೆಯೂ ಕಟ್ಟುತ್ತದೆಂಬುದು ಬಹಳ ಮಂದಿಗೆ ತಿಳಿದಿಲ್ಲ. ಗರ್ಭ ನಿಂತ ಮೇಲೆ ದೇಹದಲ್ಲಿ ರಕ್ತದ ಪ್ರಮಾಣ ಏರುತ್ತದೆ, ಹಾರ್ಮೋನುಗಳಿಂದ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಜ್ವರವಿಲ್ಲ, ಗಂಟಲು ನೋವಿಲ್ಲ, ಆದರೆ ವಾರಗಟ್ಟಲೆ ಮೂಗು ಕಟ್ಟಿ ರಾತ್ರಿ ಬಾಯಲ್ಲಿ ಉಸಿರಾಡುವಂತಾಗುತ್ತದೆ. ಆರು ವಾರ ದಾಟಿ ಎಳೆದರೂ ಹೆರಿಗೆಯಾದ ಎರಡು ವಾರದೊಳಗೆ ಮಾಯವಾಗುವ ತೊಂದರೆ ಇದು. ಇದನ್ನೇ ‘ವಾಸಿಯಾಗದ ನೆಗಡಿ’ ಎಂದುಕೊಂಡು ವಾರಕ್ಕೊಂದು ಬಗೆಯ ಮಾತ್ರೆ ನುಂಗುವುದು, ಇಲ್ಲವೇ ಮೂಗು ಬಿಡಿಸುವ ಡ್ರಾಪ್ಸ್‌ಗೆ ಒಗ್ಗಿಕೊಳ್ಳುವುದು ಆಗುತ್ತಿರುತ್ತದೆ. ಜೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಂಬ ಡ್ರಾಪ್ಸ್‌ಗಳು ನಿಮಿಷದಲ್ಲಿ ಮೂಗು ತೆರೆಯುತ್ತವೆ. ಮೈಗೆ ಸೇರುವುದು ಕಡಿಮೆಯಾದ್ದರಿಂದ ವೈದ್ಯರು ಕೆಲವೊಮ್ಮೆ ಎರಡು ಮೂರು ದಿನಕ್ಕೆ ಒಪ್ಪುತ್ತಾರೆ. ಅದಕ್ಕೂ ಮೀರಿ ಹಾಕಿಕೊಂಡರೆ ಔಷಧಿಯ ಬಲ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ಬಸಿರಿನ ಮೂಗು ತಿಂಗಳುಗಟ್ಟಲೆ ಕಟ್ಟುವಂಥದ್ದಾದ್ದರಿಂದ ಈ ಬಲೆಗೆ ಬೀಳುವುದು ಸುಲಭ.

ಉಪ್ಪುನೀರಿಗೆ ಆ ದೋಷವಿಲ್ಲ. ಸಲೈನ್ ಡ್ರಾಪ್ಸ್ ಅಥವಾ ಸ್ಪ್ರೇ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಮಕ್ಕಳ ಮೂಗಿಗೆ ಹಾಕುವುದೂ ಅದನ್ನೇ. ಅದರಲ್ಲಿ ನೀರು, ಉಪ್ಪು ಬಿಟ್ಟು ಬೇರೆ ಔಷಧಿ ಇಲ್ಲವೆಂದು ಲೇಬಲ್ ನೋಡಿಕೊಂಡರಾಯಿತು, ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು. ಮನೆಯಲ್ಲೇ ಮಾಡುವುದಾದರೆ ಚೆನ್ನಾಗಿ ಕುದಿಸಿ ಆರಿಸಿದ ಸುಮಾರು 300 ಮಿಲಿಲೀಟರ್ ನೀರಿಗೆ ಅರ್ಧ ಟೀಚಮಚ ಉಪ್ಪು. ನಲ್ಲಿಯ ಅಥವಾ ಬಾವಿಯ ಹಸಿ ನೀರನ್ನು ಮೂಗಿಗೆ ಏರಿಸಲೇಬಾರದು. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳಿನ ಅಮೀಬಾ ಸೋಂಕು ನೀರಿನ ಜೊತೆ ಮೂಗಿನ ಮೂಲಕವೇ ಒಳಹೋಗುತ್ತದೆ. ಮಲಗುವಾಗ ತಲೆಯ ಕಡೆ ಇನ್ನೊಂದು ದಿಂಬು ಇಟ್ಟು ಎಡಮಗ್ಗುಲಾದರೆ ಮೂಗು ಇನ್ನಷ್ಟು ಹಗುರಾಗುತ್ತದೆ.

ಹಬೆ ತೆಗೆದುಕೊಳ್ಳುವುದು ಹಿತ ಕೊಡುತ್ತದೆ, ವೈರಸ್ ಕೊಲ್ಲುವುದಿಲ್ಲ. ಅದರ ನಿಜವಾದ ಅಪಾಯ ಸುಟ್ಟಗಾಯ. ದೊಡ್ಡ ಹೊಟ್ಟೆ ಇಟ್ಟುಕೊಂಡು ನೆಲದ ಮೇಲಿನ ಪಾತ್ರೆಗೆ ಬಾಗುವುದು, ಮೇಲೆ ಕಂಬಳಿ ಹೊದ್ದು ತಲೆ ಸುತ್ತಿ ವಾಲುವುದು ಬೇಡ. ಮೇಜಿನ ಮೇಲೆ ಪಾತ್ರೆ ಇಟ್ಟು, ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಒಬ್ಬರಿದ್ದರೆ ಐದು ನಿಮಿಷ ಸಾಕು. ಬರೀ ನೀರಿನ ಹಬೆಯೇ ಆಗುತ್ತದೆ. ಕರ್ಪೂರವನ್ನು ಎಂದೂ ಹೊಟ್ಟೆಗೆ ತೆಗೆದುಕೊಳ್ಳಬಾರದು, ಅದು ವಿಷ.

ಕೊನೆಗೆ ಅಡುಗೆಮನೆ. ಮೆಣಸಿನ ಸಾರು, ಬೆಳ್ಳುಳ್ಳಿ ಸಾರು, ಶುಂಠಿ ಹಾಕಿದ ಚಹಾ, ಕೊತ್ತಂಬರಿ ಜೀರಿಗೆಯ ಕಷಾಯ, ಬಿಸಿನೀರಿಗೆ ಜೇನು, ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು. ಅಡುಗೆಯ ಪ್ರಮಾಣದಲ್ಲಿ ಇವಕ್ಕೆಲ್ಲ ಅಡ್ಡಿಯಿಲ್ಲ. ರಾತ್ರಿಯ ಕೆಮ್ಮಿಗೆ ಜೇನು ಎಷ್ಟೋ ಸಿರಪ್‌ಗಳಿಗಿಂತ ಮೇಲು. ಬಸಿರಿನ ಸಕ್ಕರೆ ಕಾಯಿಲೆ ಇರುವವರು ಮಾತ್ರ ಜೇನು, ಬೆಲ್ಲಗಳನ್ನು ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಆದರೆ ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತನ್ನು ಇಡಿಯಾಗಿ ನುಂಗುವಂತಿಲ್ಲ. ಎರಡು ಗಿಡಗಳ ಹೆಸರು ಹೇಳಲೇಬೇಕು. ಒಂದು ಆಡುಸೋಗೆ. ಕೆಮ್ಮಿಗೆ ಅದರ ಎಲೆಯ ಕಷಾಯ ನಮ್ಮ ಹಳ್ಳಿಗಳಲ್ಲಿ ಹೆಸರುವಾಸಿ, ಆಯುರ್ವೇದದ ಹಲವು ಸಿರಪ್‌ಗಳಲ್ಲಿ ‘ವಾಸಾ’ ಎಂದು ಬರೆದಿರುವುದೂ ಅದೇ. ಕೆಲಸ ಮಾಡುವ ಗಿಡವೇ ಸರಿ, ಮೇಲೆ ಹೇಳಿದ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಅದರೊಳಗಿನ ವಾಸಿಸಿನ್ ಎಂಬ ಅಂಶವನ್ನು ಆಧರಿಸಿ. ಆದರೆ ಅದೇ ವಾಸಿಸಿನ್‌ಗೆ ಗರ್ಭಕೋಶವನ್ನು ಸಂಕುಚಿಸುವ ಗುಣವಿರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಬಸುರಿಯರಿಗೆ ಅದು ಬೇಡ.

ಇನ್ನೊಂದು ಜ್ಯೇಷ್ಠಮಧು, ಅತಿಮಧುರ ಎಂದೂ ಕರೆಯುವ ಸಿಹಿ ಬೇರು. ಕಷಾಯದ ಪುಡಿಗಳಲ್ಲಿ, ಗಂಟಲಿಗೆಂದು ಚೀಪುವ ಗುಳಿಗೆಗಳಲ್ಲಿ ಅದು ಇರುತ್ತದೆ. ಫಿನ್ಲೆಂಡಿನಲ್ಲಿ ಇದೇ ಬೇರಿನ ಮಿಠಾಯಿ ತಿನ್ನುವ ರೂಢಿ ಜಾಸ್ತಿ. ಹೆಚ್ಚು ತಿಂದ ಗರ್ಭಿಣಿಯರಿಗೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಹೆಚ್ಚೆಂದು ಹೆಲ್ಸಿಂಕಿಯ ಸಂಶೋಧಕರು ಕಂಡುಕೊಂಡರು, ಅವರ ಮಕ್ಕಳ ಕಲಿಕೆಯ ಮೇಲೂ ಪರಿಣಾಮ ಗುರುತಿಸಿದರು. ತಾಯಿಯ ಒತ್ತಡದ ಹಾರ್ಮೋನು ಮಗುವಿಗೆ ಹೆಚ್ಚು ತಲುಪದಂತೆ ಮಾಸುಚೀಲ ತಡೆಯುತ್ತದೆ, ಆ ತಡೆಯನ್ನು ಈ ಬೇರಿನ ಅಂಶ ಸಡಿಲಿಸುತ್ತದೆ. ರಕ್ತದೊತ್ತಡವನ್ನೂ ಅದು ಏರಿಸಬಲ್ಲದು. ಒಂದು ಚೀಪುವ ಗುಳಿಗೆಯಿಂದ ಏನೂ ಆಗದು, ದಿನಕ್ಕೆರಡು ಲೋಟ ಜ್ಯೇಷ್ಠಮಧು ಕಷಾಯ ಬೇಡ.

ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು? ನೆಗಡಿ ಮೆಲ್ಲನೆ ಬರುತ್ತದೆ. ಫ್ಲೂ ಹಾಗಲ್ಲ. ಬೆಳಗ್ಗೆ ಚೆನ್ನಾಗಿದ್ದವಳು ಸಂಜೆಗೆ ಚಳಿಜ್ವರ, ಮೈಯೆಲ್ಲ ನೋವು ಎಂದು ಹಾಸಿಗೆ ಹಿಡಿಯುತ್ತಾಳೆ. ಗರ್ಭಿಣಿಯರಲ್ಲಿ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚು. ಹಾಗಾಗಿಯೇ ಎಚ್‌1ಎನ್‌1 ಕುರಿತ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗರ್ಭಿಣಿಯರನ್ನು ಬೇರೆಯಾಗಿ ಇಟ್ಟು, ಲಕ್ಷಣ ಸೌಮ್ಯವಾಗಿದ್ದರೂ ಒಸೆಲ್ಟಮಿವಿರ್ ಕೊಡಲು ಹೇಳಿದೆ. ಈ ಔಷಧಿ ವೈದ್ಯರ ಮೂಲಕವೇ ಬರಬೇಕು, 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಅಂದರೆ ‘ನಾಡಿದ್ದು ನೋಡೋಣ’ ಎನ್ನುವ ಕಾಯಿಲೆ ಇದಲ್ಲ. ಉಸಿರಾಡಲು ಕಷ್ಟ, ಎದೆನೋವು, ಕಫದಲ್ಲಿ ರಕ್ತ, ಮಾತ್ರೆಗೂ ಬಗ್ಗದ ಜ್ವರ, ನೀರೂ ನಿಲ್ಲದ ವಾಂತಿ, ಮಗುವಿನ ಮಿಸುಕಾಟ ಕಡಿಮೆಯಾದದ್ದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಬೇಕು. ಫ್ಲೂ ಲಸಿಕೆಯ ಚುಚ್ಚುಮದ್ದನ್ನು ಬಸಿರಿನ ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು, ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ಗರ್ಭಿಣಿಯರಿಗಲ್ಲ.

ಇಷ್ಟನ್ನು ಓದುವ ಹೊತ್ತಿಗೆ ಕೆಲವರು ಆಗಲೇ ಒಂದೆರಡು ದಿನ ಆ ಮಾತ್ರೆಗಳನ್ನು ನುಂಗಿರಬಹುದು, ಎಷ್ಟೋ ಸಲ ಗರ್ಭ ನಿಂತಿರುವುದು ಗೊತ್ತಾಗುವ ಮೊದಲೇ. ಗಾಬರಿಯಿಂದ ಗರ್ಭ ತೆಗೆಸುವ ಮಾತಾಡುವವರೂ ಇದ್ದಾರೆ. ನೆಗಡಿಗೆ ನುಂಗಿದ ಎರಡು ಮೂರು ಮಾತ್ರೆ ಅದಕ್ಕೆ ಕಾರಣವಾಗುವುದಿಲ್ಲ, ಅಂಥ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮಾಡಬೇಕಾದದ್ದು ಇಷ್ಟೆ: ಉಳಿದ ಮಾತ್ರೆ ನಿಲ್ಲಿಸಿ, ಸ್ಟ್ರಿಪ್ ಎಸೆಯದೆ ತಾಯಿ ಕಾರ್ಡ್‌ನೊಳಗೆ ಇಟ್ಟುಕೊಳ್ಳಿ, ಯಾವ ದಿನ ಎಷ್ಟು ತೆಗೆದುಕೊಂಡಿರಿ ಎಂಬುದನ್ನು ಪಕ್ಕದಲ್ಲಿ ಬರೆದು ಮುಂದಿನ ತಪಾಸಣೆಗೆ ಕಾಯದೆ ವೈದ್ಯರಿಗೋ ಆಶಾ ಕಾರ್ಯಕರ್ತೆಗೋ ತೋರಿಸಿ. ಐದು ತಿಂಗಳು ದಾಟಿದ ಮೇಲೆ ನೋವಿನ ಮಾತ್ರೆಯನ್ನು ಎರಡು ದಿನಕ್ಕಿಂತ ಹೆಚ್ಚು ನುಂಗಿದ್ದರೆ ಅದನ್ನು ಬಿಡಿಸಿ ಹೇಳಿ, ಗರ್ಭದ ನೀರಿನ ಪ್ರಮಾಣ ನೋಡಲು ಒಂದು ಸ್ಕ್ಯಾನ್ ಬೇಕಾಗಬಹುದು.